ಮಾತುಕತೆಗೆ ಮುನ್ನ ಪದಪಟ್ಟಿ: ಕಾಫಿ ರಫ್ತಿನ ಒಂದು ಉದಾಹರಣೆ

ಶೇಷಾದ್ರಿಪುರಂನಲ್ಲಿ ಕಚೇರಿಯನ್ನೂ ಸಕಲೇಶಪುರದಲ್ಲಿ ತೋಟವನ್ನೂ ಹೊಂದಿರುವ ಒಂದು ಸಂಸ್ಥೆಯು ಇಟಲಿಯ ಖರೀದಿದಾರರಿಗೆ ರೊಬಸ್ಟಾ ಕಾಫಿ ಮಾರಲು ಸಿದ್ಧವಾಗುತ್ತಿದೆ ಎಂದು ಭಾವಿಸಿದರೆ, ದರದ ಚರ್ಚೆಗಿಂತ ಮೊದಲು ಅದು ಕನ್ನಡ-ಇಂಗ್ಲಿಷ್ ಪದಪಟ್ಟಿಯೊಂದನ್ನು ರಚಿಸಿಕೊಳ್ಳಬೇಕಾಗುತ್ತದೆ. ಇಂತಹ ಪಟ್ಟಿ ನಿಘಂಟಿನ ತುಣುಕಲ್ಲ. ಪ್ರತಿ ನಮೂದಿನಲ್ಲಿಯೂ ಪದ, ಅದು ಸೂಚಿಸುವ ವಸ್ತು, ಅಳತೆಯ ಮಾನ ಮತ್ತು ಯಾವುದರೊಡನೆ ಅದನ್ನು ಬೆರೆಸಬಾರದು ಎಂಬ ಎಚ್ಚರಿಕೆ ಇರಬೇಕು.

ಕಷ್ಟವಿರುವುದು ಅಪರಿಚಿತ ಪದಗಳಲ್ಲಿ ಅಲ್ಲ, ಎರಡೂ ಕಡೆಯವರು ತಮಗೆ ಗೊತ್ತಿದೆಯೆಂದು ನಂಬಿರುವ ಪದಗಳಲ್ಲಿ. 'ಚೆರಿ' ಎಂದರೆ ಮಲೆನಾಡಿನ ಬೆಳೆಗಾರರಿಗೆ ಇಡಿಯಾಗಿ ಕಣದಲ್ಲಿ ಒಣಗಿಸಿದ ಹಣ್ಣು. ಭಾರತದ ರಫ್ತು ದರ್ಜೆಗಳಲ್ಲಿ 'ರೊಬಸ್ಟಾ ಚೆರಿ' ಎಂದರೆ ಹಾಗೆ ಒಣಗಿಸಿದ ಹಣ್ಣಿನಿಂದ ಸಿಪ್ಪೆ ಬಿಡಿಸಿ ತೆಗೆದ ಬೀಜ. ಹೊರದೇಶದ ಅನೇಕ ಖರೀದಿದಾರರಿಗಾದರೋ ಅದು ಗಿಡದಲ್ಲಿರುವ ಕೆಂಪು ಹಣ್ಣು. ಆದ್ದರಿಂದ ಪಟ್ಟಿಯು ಒಂದೇ ಪದಕ್ಕೆ ಮೂರು ಪ್ರತ್ಯೇಕ ನಮೂದುಗಳನ್ನು ಕೊಟ್ಟು, ಒಪ್ಪಂದದಲ್ಲಿ ಬಳಸುವುದು ಎರಡನೆಯದನ್ನು ಮಾತ್ರ ಎಂದು ಗುರುತಿಸುವುದು ಉಚಿತ.

'ಮೂಟೆ'ಯ ವಿಷಯದಲ್ಲಿ ತಪ್ಪು ನೇರವಾಗಿ ಹಣಕ್ಕೆ ತಾಗುತ್ತದೆ. ತೋಟದ ಲೆಕ್ಕದಲ್ಲಿ ಮೂಟೆ ಎಂದರೆ 50 ಕೆ.ಜಿ. ಒಣ ಕಾಫಿ, ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಸಾಮಾನ್ಯವಾಗಿ 60 ಕೆ.ಜಿ. ಶುದ್ಧ ಬೀಜ. ಖರೀದಿದಾರರು ಕೇಳಿದ 320 ಮೂಟೆ 19,200 ಕೆ.ಜಿ. ಆಗುತ್ತದೆ, ತೋಟದ ಮೂಟೆಯೆಂದು ಎಣಿಸಿದರೆ ಅದು 16,000 ಕೆ.ಜಿ.ಗೆ ಇಳಿಯುತ್ತದೆ. ಈ ವ್ಯತ್ಯಾಸ ಇಲ್ಲಿಗೇ ನಿಲ್ಲುವುದಿಲ್ಲ, ಏಕೆಂದರೆ 'ಔಟ್‌ಟರ್ನ್', ಅಂದರೆ 50 ಕೆ.ಜಿ. ಒಣ ಹಣ್ಣಿನಿಂದ ಕ್ಯೂರಿಂಗ್ ಬಳಿಕ ದೊರೆಯುವ ಬೀಜದ ತೂಕ, 26 ಕೆ.ಜಿ. ಎಂದುಕೊಂಡರೆ ಆ 19,200 ಕೆ.ಜಿ. ಬೀಜಕ್ಕೆ ತೋಟದ ಸುಮಾರು 739 ಮೂಟೆ ಒಣ ಹಣ್ಣು ಬೇಕು. ಆದಕಾರಣ ಪಟ್ಟಿಯಲ್ಲಿ 'ಮೂಟೆ' ಎಂಬುದನ್ನು ಒಂಟಿಯಾಗಿ ಬರೆಯದೆ, ತೂಕ ಮತ್ತು ಒಳಗಿರುವ ವಸ್ತುವನ್ನು ಸೇರಿಸಿಯೇ ಬರೆಯಬೇಕು.

ಸಾಗಣೆಯ ಪದಗಳಿಗೆ ಸ್ವಂತ ವಿವರಣೆ ಕೊಡುವ ಬದಲು, ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ 'ಇನ್‌ಕೋಟರ್ಮ್ಸ್ 2020' ನಿಯಮಗಳನ್ನು ಆವೃತ್ತಿಯ ವರ್ಷ ಸಹಿತ ಹೆಸರಿಸುವುದು ಸುರಕ್ಷಿತ. 'ಎಫ್‌ಒಬಿ ಮಂಗಳೂರು' ಎಂದರೆ ಸರಕು ಹಡಗನ್ನೇರಿದ ಬಳಿಕ ನಷ್ಟದ ಹೊಣೆ ಖರೀದಿದಾರರದು. ಬಂದರಿನ ಅಂಗಳದಲ್ಲೇ ಕಂಟೈನರನ್ನು ಒಪ್ಪಿಸುವಾಗ, ಎಫ್‌ಒಬಿಯಲ್ಲಿ ಹಡಗೇರುವ ತನಕದ ಹೊಣೆ ಮಾರುವವರ ಮೇಲೆಯೇ ಉಳಿಯುವುದರಿಂದ, ಆ ಮಂಡಳಿ 'ಎಫ್‌ಸಿಎ'ಯನ್ನು ಸೂಚಿಸುತ್ತದೆ.

ಕರಡನ್ನು ಕ್ಯೂರಿಂಗ್ ಕೇಂದ್ರದವರಿಗೂ ಲೆಕ್ಕಿಗರಿಗೂ ದುಭಾಷಿಗೂ ತೋರಿಸಿ, ಪ್ರತಿಯೊಬ್ಬರೂ ನಮೂದನ್ನು ತಮ್ಮ ಮಾತಿನಲ್ಲಿ ಹೇಳುವಂತೆ ಕೇಳಿದಾಗ ಭಿನ್ನ ಅರ್ಥಗಳು ಅಲ್ಲಿಯೇ ಹೊರಬೀಳುತ್ತವೆ. ಬಳಿಕ ಪಟ್ಟಿಯನ್ನು ಸಭೆಗೆ ಮುನ್ನವೇ ಖರೀದಿದಾರರಿಗೆ ಕಳುಹಿಸಿ, ಒಪ್ಪಿದ ಅರ್ಥಗಳನ್ನು ಒಪ್ಪಂದದ ವ್ಯಾಖ್ಯೆಗಳ ಭಾಗಕ್ಕೆ ಸೇರಿಸಬೇಕು. ಒಪ್ಪಂದದ ಹೊರಗೆ ಉಳಿದ ಪಟ್ಟಿಯನ್ನು ನೆಚ್ಚಿ ವಿವಾದದಲ್ಲಿ ವಾದಿಸುವುದು ಕಠಿಣ.