ಶೇರು ಏರಿತು, ಕಾಲ್ ಕೊಂಡವನ ಹಣ ಹೋಯಿತು

ಶೇರು ಕೊಳ್ಳುವವರ ಲೆಕ್ಕ ಸರಳ. ಬೆಲೆ ಏರಿದರೆ ಲಾಭ, ಇಳಿದರೆ ನಷ್ಟ. ಇಳಿದರೂ ಶೇರು ಖಾತೆಯಲ್ಲೇ ಇರುತ್ತದೆ, ಕಾಯಬಹುದು. ಆಪ್ಷನ್ನಿನಲ್ಲಿ ಈ ಕಾಯುವ ಸೌಲಭ್ಯವಿಲ್ಲ. ಉಳಿದ ವ್ಯತ್ಯಾಸಗಳೆಲ್ಲ ಹೆಚ್ಚುಕಡಿಮೆ ಇದರಿಂದಲೇ ಹುಟ್ಟುತ್ತವೆ.

ಸೈಟು ಕೊಳ್ಳಲು ಮುಂಗಡ ಕೊಟ್ಟು ಕರಾರು ಮಾಡಿಕೊಳ್ಳುವುದು ನಮಗೆಲ್ಲ ಗೊತ್ತು. ಇಂಥ ತಾರೀಖಿನೊಳಗೆ ಇಷ್ಟೇ ಬೆಲೆಗೆ ಕೊಳ್ಳುವ ಹಕ್ಕು ನಮ್ಮದು. ಬೇಡವೆನಿಸಿದರೆ ಮುಂಗಡ ಬಿಟ್ಟು ಹಿಂದೆ ಸರಿಯಬಹುದು. ಕಾಲ್ ಆಪ್ಷನ್ ಎಂದರೆ ಇದೇ. ಕರಾರಿನ ಬೆಲೆಗೆ ಸ್ಟ್ರೈಕ್ ಎನ್ನುತ್ತಾರೆ, ಕೊಟ್ಟ ಹಣಕ್ಕೆ ಪ್ರೀಮಿಯಂ, ಕೊನೆಯ ದಿನಕ್ಕೆ ಎಕ್ಸ್‌ಪೈರಿ. ಆದರೆ ಸೈಟಿನ ಮುಂಗಡ ಕೊನೆಗೆ ಬೆಲೆಯಲ್ಲಿ ಕಳೆಯುತ್ತದೆ, ಪ್ರೀಮಿಯಂ ಕಳೆಯುವುದಿಲ್ಲ. ಅದು ಕೊಟ್ಟಲ್ಲಿಗೆ ಮುಗಿಯಿತು.

ಒಂದು ಲೆಕ್ಕ ಹಾಕೋಣ. ಒಂದು ಕಂಪನಿಯ ಶೇರು 1,500 ರೂಪಾಯಿಯಲ್ಲಿದೆ, ಎಕ್ಸ್‌ಪೈರಿಗೆ ಮೂರು ವಾರವಿದೆ ಎಂದಿಟ್ಟುಕೊಳ್ಳಿ. 1,520ರ ಸ್ಟ್ರೈಕಿನ ಕಾಲ್‌ಗೆ ಪ್ರೀಮಿಯಂ 30 ರೂಪಾಯಿ. ಆಪ್ಷನ್ ಬಿಡಿಯಾಗಿ ಸಿಗುವುದಿಲ್ಲ, ಲಾಟ್ ಲೆಕ್ಕದಲ್ಲೇ ಕೊಳ್ಳಬೇಕು. ಲಾಟಿಗೆ 400 ಶೇರಾದರೆ ಕೈಯಿಂದ ಹೋಗುವುದು 12,000 ರೂಪಾಯಿ. ಅದೇ ಹಣಕ್ಕೆ ನೇರವಾಗಿ ಕೊಂಡಿದ್ದರೆ 8 ಶೇರು ಬರುತ್ತಿತ್ತು.

ಎಕ್ಸ್‌ಪೈರಿಯ ದಿನ ಶೇರು 1,590 ಮುಟ್ಟಿತು ಅನ್ನಿ. 8 ಶೇರಿನವನಿಗೆ 720 ರೂಪಾಯಿ ಲಾಭ. ಕಾಲ್ ಕೊಂಡವನ ಹಕ್ಕಿಗೆ ಈಗ ಶೇರೊಂದಕ್ಕೆ 70 ರೂಪಾಯಿ ಬೆಲೆ. ಪ್ರೀಮಿಯಂ ಕಳೆದು 40 ಉಳಿಯಿತು, ಲಾಟಿಗೆ 16,000. ಜನ ಮರುಳಾಗುವುದು ಇಲ್ಲೇ.

ಈಗ ಶೇರು 1,535ಕ್ಕೆ ನಿಂತಿತು ಎಂದುಕೊಳ್ಳಿ. ಏರುತ್ತದೆ ಎಂದ ಊಹೆ ನಿಜವಾಯಿತು. 8 ಶೇರಿನವನಿಗೆ 280 ರೂಪಾಯಿ ಸಿಕ್ಕಿತು. ಕಾಲ್‌ನ ಬೆಲೆ ಮಾತ್ರ 15 ರೂಪಾಯಿ, ಕೊಂಡದ್ದು 30ಕ್ಕೆ, 6,000 ನಷ್ಟ. 1,515ಕ್ಕೆ ನಿಂತರೆ ಹನ್ನೆರಡು ಸಾವಿರವೂ ಹೋಯಿತು, ಶೇರು 15 ರೂಪಾಯಿ ಏರಿದ್ದರೂ. ಮರುವಾರ ಅದು 1,600 ದಾಟಿದರೂ ಇವನಿಗೇನೂ ಇಲ್ಲ. ದಿಕ್ಕು ಸರಿಯಾದರೆ ಸಾಲದು, 1,550 ದಾಟಬೇಕು, ಅದೂ ಆ ದಿನದೊಳಗೆ.

ಈ 30 ರೂಪಾಯಿ ಎಲ್ಲಿಂದ ಬಂತು? ಶೇರು ಇನ್ನೂ ಸ್ಟ್ರೈಕಿಗಿಂತ ಕೆಳಗಿದೆ, ಹಾಗಾಗಿ ಇವತ್ತು ಹಕ್ಕು ಚಲಾಯಿಸಿದರೆ ಏನೂ ಬರದು. ಪೂರ್ತಿ 30 ರೂಪಾಯಿ ಉಳಿದಿರುವ ಸಮಯಕ್ಕೂ ಶೇರು ಎಷ್ಟು ಹೊಯ್ದಾಡಬಹುದು ಎಂಬ ನಿರೀಕ್ಷೆಗೂ ಕೊಟ್ಟ ಬೆಲೆ. ಶೇರು ಅಲುಗದೆ ಕೂತರೂ ಅದು ದಿನದಿನಕ್ಕೂ ಕರಗುತ್ತದೆ, ಕೊನೆಯ ವಾರದಲ್ಲಿ ಬಿರುಸಾಗಿ. ತ್ರೈಮಾಸಿಕ ಫಲಿತಾಂಶಕ್ಕೆ ಮುಂಚೆ ನಿರೀಕ್ಷೆಯಿಂದ ಪ್ರೀಮಿಯಂ ಊದಿಕೊಳ್ಳುತ್ತದೆ. ಫಲಿತಾಂಶ ಬಂದ ಮರುದಿನ ಶೇರು ಸ್ವಲ್ಪ ಏರಿ ಕಾಲ್ ಇಳಿದರೆ ಹೊಸಬರು ತಲೆ ಕೆರೆದುಕೊಳ್ಳುತ್ತಾರೆ. ಮೋಸವೇನೂ ಆಗಿಲ್ಲ, ಊದಿದ್ದು ಇಳಿದಿದೆ ಅಷ್ಟೆ.

ಪುಟ್ ಇದರ ತಿರುಗುಮುರುಗು: ನಿಗದಿತ ಬೆಲೆಗೆ ಮಾರುವ ಹಕ್ಕು. ಅದೇ ಕಂಪನಿಯ 400 ಶೇರು ನಿಮ್ಮಲ್ಲಿದೆ, ಬೀಳುವ ಭಯವಿದೆ. 1,480ರ ಪುಟ್ಟನ್ನು 25 ರೂಪಾಯಿಯಂತೆ 10,000ಕ್ಕೆ ಕೊಂಡಿರಿ. ಶೇರು 1,400ಕ್ಕೆ ಬಿದ್ದರೆ ಶೇರಿನಲ್ಲಿ 40,000 ಹೋಗುತ್ತದೆ, ಪುಟ್ಟಿನಿಂದ 32,000 ಬರುತ್ತದೆ. ಕೊಟ್ಟ ಪ್ರೀಮಿಯಂ ಸೇರಿಸಿ ಒಟ್ಟು ನಷ್ಟ 18,000. ಎಕ್ಸ್‌ಪೈರಿಯ ಹೊತ್ತಿಗೆ ಎಷ್ಟೇ ಬಿದ್ದಿರಲಿ, ನಷ್ಟ ಅದಕ್ಕಿಂತ ಹೆಚ್ಚಾಗದು. ನನ್ನ ಅಭಿಪ್ರಾಯದಲ್ಲಿ ಸಾಮಾನ್ಯ ಹೂಡಿಕೆದಾರನಿಗೆ ಆಪ್ಷನ್ನಿನ ಅರ್ಥಪೂರ್ಣ ಬಳಕೆ ಇದೊಂದೇ.

ಆಪ್ಷನ್ ಮಾರುವವರದು ಬೇರೆಯೇ ಕಥೆ. ಮೇಲಿನ ಕಾಲ್ ಮಾರಿದವನಿಗೆ ಸಿಗುವುದು ಹೆಚ್ಚೆಂದರೆ 12,000. ಕೈಯಲ್ಲಿ ಶೇರಿಲ್ಲದೆ ಮಾರಿ, ಬೆಲೆ 1,700ಕ್ಕೆ ಹಾರಿದರೆ ಕಳೆದುಕೊಳ್ಳುವುದು 60,000, ಅದರಾಚೆಗೂ ಮಿತಿಯಿಲ್ಲ. ಅದಕ್ಕೇ ಅವನಿಂದ ದೊಡ್ಡ ಮೊತ್ತದ ಮಾರ್ಜಿನ್ ಕೇಳುತ್ತಾರೆ. 2021-22ರಿಂದ 2023-24ರವರೆಗಿನ ಲೆಕ್ಕ ತೆಗೆದ ಸೆಬಿ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗಿಳಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ಹಣ ಕಳೆದುಕೊಂಡರು ಎಂದು ಹೇಳಿದೆ.

ಇನ್ನೊಂದು ಹೊಡೆತ ಹಲವರಿಗೆ ಕೊನೆಯ ದಿನವೇ ಗೊತ್ತಾಗುವುದು. ನಿಫ್ಟಿಯಂಥ ಸೂಚ್ಯಂಕದ ಆಪ್ಷನ್ ಹಣದಲ್ಲೇ ಚುಕ್ತಾ ಆಗುತ್ತದೆ. ಬಿಡಿ ಕಂಪನಿಯದ್ದರಲ್ಲಿ ಶೇರೇ ಕೈಬದಲಾಗಬೇಕು. ಶೇರು 1,535ರಲ್ಲಿದ್ದು 1,520ರ ಕಾಲನ್ನು ಮಾರದೆ ಬಿಟ್ಟರೆ, 400 ಶೇರಿಗೆ 6,08,000 ರೂಪಾಯಿ ಕಟ್ಟಬೇಕಾಗುತ್ತದೆ. ಶೇರಿಲ್ಲದೆ ಪುಟ್ ಕೊಂಡವರು ಶೇರನ್ನೇ ತಂದುಕೊಡಬೇಕು. ಎನ್‌ಎಸ್‌ಇಯಲ್ಲಿ ಈಗ ಇವುಗಳ ಎಕ್ಸ್‌ಪೈರಿ ತಿಂಗಳ ಕೊನೆಯ ಮಂಗಳವಾರ. ಶೇರು ಕೊಳ್ಳುವ ಅಥವಾ ಕೊಡುವ ಇರಾದೆ ಇಲ್ಲದಿದ್ದರೆ ಅದಕ್ಕೂ ನಾಲ್ಕು ದಿನ ಮೊದಲೇ ಮಾರಿ ಹೊರಬನ್ನಿ.