ನಿರ್ದೇಶಕ ಮಂಡಳಿಯ ಮಾತಿನಿಂದ ಷೇರುದಾರರ ಸಾರಾಂಶಕ್ಕೆ: ರಾಯದುರ್ಗ, ಮಡಕಶಿರಾ ಭಾಗದ ಸಂಖ್ಯಾವ್ಯವಹಾರ

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿಯೂ, ತುಮಕೂರು ಜಿಲ್ಲೆಯೊಳಕ್ಕೆ ಚಾಚಿಕೊಂಡಂತಿರುವ ಮಡಕಶಿರಾದಲ್ಲಿಯೂ (2022ರಿಂದ ಇದು ಆಡಳಿತದ ಲೆಕ್ಕದಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ) ಕನ್ನಡ ತೆಲುಗುಗಳು ಒಂದೇ ವಾಕ್ಯದೊಳಗೆ ಕೈಬದಲಾಯಿಸುತ್ತವೆ. ಭಾಷಾಮಿಶ್ರಣದ ಅಧ್ಯೇತೃಗಳು ಇದನ್ನು ಸಾಕಷ್ಟು ಚರ್ಚಿಸಿದ್ದಾರೆ. ಇಲ್ಲಿ ನೋಡಲಿರುವುದು ಅದರ ಒಂದು ಕಿರಿದಾದ, ಆದರೆ ಹಣಕ್ಕೆ ಸಂಬಂಧಿಸಿದ ಮಗ್ಗುಲು: ರೈತ ಉತ್ಪಾದಕರ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಆಡಿದ ಸಂಖ್ಯೆಗಳು ಷೇರುದಾರರಿಗೆ ಕಳಿಸುವ ಒಂದು ಪುಟದ ಸಾರಾಂಶದಲ್ಲಿ ಹೇಗೆ ಉಳಿಯುತ್ತವೆ ಅಥವಾ ಕೆಡುತ್ತವೆ ಎಂಬುದು.

ಇಂಥ ಕಂಪನಿಯಲ್ಲಿ ಷೇರುದಾರನೆಂದರೆ ಶೇಂಗಾ ತಂದು ಹಾಕಿದ ರೈತನೇ. ಕಂಪನಿ ಕಾಯ್ದೆಯ 118ನೆಯ ಕಲಮು ನಡಾವಳಿಯನ್ನು ಕಲಾಪದ ನ್ಯಾಯವಾದ, ಸರಿಯಾದ ಸಾರಾಂಶವಾಗಿರಬೇಕೆಂದು ವಿಧಿಸುತ್ತದೆ. ಅಂದರೆ ನಡಾವಳಿಯೇ ಮೊದಲ ಸಂಕ್ಷೇಪ. ಸಾಮಾನ್ಯ ಸಭೆಯ ನಡಾವಳಿಯನ್ನು 119ನೆಯ ಕಲಮಿನಂತೆ ಸದಸ್ಯರು ಪರಿಶೀಲಿಸಬಹುದು. ಮಂಡಳಿಯ ನಡಾವಳಿಗೆ ಆ ಹಕ್ಕು ಅನ್ವಯಿಸದು. ಹಾಗಾಗಿ ಷೇರುದಾರನ ಕೈಗೆ ಬರುವುದು ಸಂಕ್ಷೇಪದ ಸಂಕ್ಷೇಪ. ಅದರಲ್ಲಿ ತಪ್ಪಿದ ಅಂಕಿಯನ್ನು ಮೂಲದೊಡನೆ ಹೋಲಿಸುವ ದಾರಿ ಅವನಿಗೆ ಇರುವುದಿಲ್ಲ.

ಮಾದರಿಗಾಗಿ ಒಂದು ಪ್ರಸಂಗವನ್ನು ಕಟ್ಟಿಕೊಳ್ಳೋಣ. 2024ರ ಜನವರಿ 20ರಂದು ಮಂಡಳಿ ಸೇರಿದೆ. ಅಧ್ಯಕ್ಷರ ಮಾತು: "ಕ್ವಿಂಟಲ್‌ಗೆ ಆರು ಸಾವಿರದ ಮುನ್ನೂರು ಅಂತ ಇಟ್ಟಿದ್ವಿ. ಐದು ಸಾವಿರದ ಎಂಟ್ನೂರು ಆಗಲೇ ಕೊಟ್ಟಾಗಿದೆ. ಉಳಿದ ಐನೂರನ್ನ ಯುಗಾದಿಗೆ ಕೊಟ್ಟುಬಿಡೋಣ. ಎಲ್ಲಾ ಸೇರಿ ಒಂದು ನಾಲ್ಕು ಲಕ್ಷ ಆಗುತ್ತೆ." ಲೆಕ್ಕಿಗರು ತಿದ್ದುತ್ತಾರೆ: "ಎಂಟ್ನೂರ ನಲವತ್ತು ಕ್ವಿಂಟಲ್ ಸರ್, ನಾಲ್ಕು ಲಕ್ಷದ ಇರವೈ ವೇಲು." ಹತ್ತು ನಿಮಿಷದ ಮೇಲೆ ಇನ್ನೊಬ್ಬ ನಿರ್ದೇಶಕರು, 30 ಕ್ವಿಂಟಲಿನಲ್ಲಿ ತೇವಾಂಶ ಹೆಚ್ಚಿದೆ, ಮರುಪರೀಕ್ಷೆಯಾಗುವವರೆಗೆ ಅದರ ಹಣ ನಿಲ್ಲಿಸಬೇಕೆನ್ನುತ್ತಾರೆ. ಎಲ್ಲರೂ ಒಪ್ಪುತ್ತಾರೆ.

ಅವಸರದ ಸಾರಾಂಶ ಹೀಗೆ ಬರುತ್ತದೆ: "ಶೇಂಗಾ ನೀಡಿದ ಸದಸ್ಯರಿಗೆ ಯುಗಾದಿಗೆ ನಾಲ್ಕು ಲಕ್ಷ ರೂಪಾಯಿ ಬೋನಸ್ ನೀಡಲು ತೀರ್ಮಾನಿಸಲಾಯಿತು." ಓದಲು ಸುಲಭ, ಆದರೆ ಇದರ ಒಂದೊಂದು ಪದವೂ ಜಾರಿದೆ.

ಮೊದಲು "ನಾಲ್ಕು ಲಕ್ಷ". ಕನ್ನಡದಲ್ಲಿ ಸಂಖ್ಯೆಯ ಹಿಂದೆ ಬರುವ "ಒಂದು" ಎಣಿಕೆಯಲ್ಲ, ಅಂದಾಜಿನ ಗುರುತು. ತೆಲುಗಿನ "ಒಕ" ಕೂಡ ಇದೇ ಕೆಲಸ ಮಾಡುತ್ತದೆ. "ಒಂದು ನಾಲ್ಕು ಲಕ್ಷ" ಎಂದರೆ ಐದು ಲಕ್ಷವೆಂದು ಯಾರೂ ತಿಳಿಯುವುದಿಲ್ಲ, ಹೆಚ್ಚು ಕಡಿಮೆ ನಾಲ್ಕು ಎಂದು ತಿಳಿಯುತ್ತಾರೆ. ಕೇಳುವಾಗ ತೊಡಕಿಲ್ಲ. ಬರೆಯುವಾಗ, ಆಡುಮಾತಿನ ಈ "ಒಂದು" ಗ್ರಂಥಭಾಷೆಗೆ ಹೊಂದದೆಂದು ಕಳಚಿಹೋಗುತ್ತದೆ, ಅಂದಾಜು ನಿಖರವಾಗಿ ನಿಲ್ಲುತ್ತದೆ. ಶೈಲಿಯನ್ನು ತಿದ್ದಲು ಹೊರಟವರೇ ಮೊತ್ತವನ್ನು ಬದಲಿಸುವುದು ಹೀಗೆ. ಭಾಷೆ ಬಲ್ಲವರಿಂದಲೇ ಹೆಚ್ಚಾಗಿ ಆಗುವ ತಪ್ಪು ಇದು.

ಎರಡನೆಯದು ಕಿವಿಯ ತಪ್ಪು. ತೆಲುಗಿನ "ಇರವೈ" ಇಪ್ಪತ್ತು, "ಅರವೈ" ಅರವತ್ತು. ಮೊದಲ ಸ್ವರ ಫ್ಯಾನಿನ ಸದ್ದಿನಲ್ಲಿ ಮುಳುಗಿದರೆ 4,20,000 ಎಂಬುದು 4,60,000 ಆಗಬಹುದು. ಬರೆಯುವವನು ಕನ್ನಡದಲ್ಲಿ ಯೋಚಿಸುತ್ತಿದ್ದರೆ "ಅರವೈ" ಎಂಬುದೇ ಪರಿಚಿತ "ಅರವತ್ತು" ಪದಕ್ಕೆ ಹತ್ತಿರವಾಗಿ ಕೇಳಿಸುವ ಸಂಭವ ಹೆಚ್ಚು. ಕನ್ನಡದೊಳಗೂ "ಇಪ್ಪತ್ತು", "ಎಪ್ಪತ್ತು" ಇಂಥದೇ ಜೋಡಿ. ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿದರೂ ಅನುಮಾನ ತೀರದಿರಬಹುದು, ಗುಣಾಕಾರ ತೀರಿಸುತ್ತದೆ. 840 ಕ್ವಿಂಟಲನ್ನು 500ರಿಂದ ಗುಣಿಸಿದರೆ 4,20,000. 4,60,000 ಸರಿಯಾಗಬೇಕಾದರೆ ತೂಕ 920 ಕ್ವಿಂಟಲ್ ಇರಬೇಕಾಗುತ್ತದೆ, ಆ ಸಂಖ್ಯೆಯನ್ನು ಸಭೆಯಲ್ಲಿ ಯಾರೂ ಆಡಿಲ್ಲ. ಆದ್ದರಿಂದ ಮೊತ್ತವೊಂದನ್ನೇ ಬರೆದುಕೊಳ್ಳಬಾರದು. ತೂಕ, ದರ, ಮೊತ್ತ ಮೂರನ್ನೂ ಬರೆದುಕೊಂಡರೆ ಅವುಗಳಲ್ಲಿ ಒಂದು ತಪ್ಪಿದರೂ ಉಳಿದೆರಡು ಹಿಡಿದುಕೊಡುತ್ತವೆ. ಆದರೆ ಈ ಪರೀಕ್ಷೆಗೂ ಮಿತಿಯಿದೆ: ಲೆಕ್ಕಿಗರೇ ತಪ್ಪು ತೂಕ ಓದಿದ್ದರೆ ಗುಣಾಕಾರ ಸರಿಯಾಗಿಯೇ ಬರುತ್ತದೆ. ಅದಕ್ಕೆ ತೂಕದ ಪುಸ್ತಕವನ್ನೇ ನೋಡಬೇಕು.

ಇಷ್ಟಾದರೂ 4,20,000 ಅಂತಿಮ ಮೊತ್ತವಲ್ಲ. ತೇವದ 30 ಕ್ವಿಂಟಲಿನ 15,000 ರೂಪಾಯಿ ನಿಂತಿದೆ. ಈಗ ಪಾವತಿಗೆ ಒಪ್ಪಿದ್ದು 810 ಕ್ವಿಂಟಲಿನ 4,05,000. ಮಾತಿನಲ್ಲಿ ಹಳೆಯ ಅಂಕಿಯನ್ನು ಯಾರೂ ಹೊಡೆದುಹಾಕುವುದಿಲ್ಲ, ಅದು ಸುಮ್ಮನೆ ಹಿಂದುಳಿಯುತ್ತದೆ. ಟಿಪ್ಪಣಿಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಅಂದಾಜೋ, ಸಲಹೆಯೋ, ಠರಾವೋ ಎಂದು ಗುರುತು ಹಾಕಿಕೊಂಡವನಿಗೆ ಮಾತ್ರ ಮೂರು ಅಂಕಿಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕೆಂದು ತಿಳಿಯುತ್ತದೆ.

ಇನ್ನು "ಯುಗಾದಿಗೆ". ಕನ್ನಡಿಗರಿಗೂ ತೆಲುಗರಿಗೂ ಒಂದೇ ದಿನ ಬರುವ ಹಬ್ಬವಾದ್ದರಿಂದ ಇದು ಖಚಿತ ದಿನಾಂಕವೆಂದೇ ತೋರುತ್ತದೆ. ಆದರೆ ಚಾಂದ್ರಮಾನ ಯುಗಾದಿ ಮಾರ್ಚ್ 31ರ ಆಚೀಚೆ ಓಡಾಡುತ್ತದೆ, ಕಂಪನಿಯ ಲೆಕ್ಕದ ವರ್ಷ ಮುಗಿಯುವುದು ಅದೇ ದಿನ. 2023ರಲ್ಲಿ ಹಬ್ಬ ಮಾರ್ಚ್ 22ಕ್ಕೆ, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂತು. ಫಲವಾಗಿ 2023-24ರ ಲೆಕ್ಕದ ವರ್ಷದಲ್ಲಿ ಯುಗಾದಿಯೇ ಇಲ್ಲ, 2024-25ರಲ್ಲಿ ಎರಡು ಯುಗಾದಿ! ನಮ್ಮ ಮಾದರಿಯ ಸಭೆಯಲ್ಲಿ ಹಿಂದಿನ ವರ್ಷದ ರೂಢಿಯಿಂದ ಮಾರ್ಚ್ ಒಳಗೆ ಹಣ ಬರುತ್ತದೆಂದು ಎಣಿಸಿದ ರೈತನ ಸಾಲದ ಕಂತಿನ ಲೆಕ್ಕ ತಪ್ಪುತ್ತದೆ. ಪಂಚಾಂಗ ನೋಡಿ "ಏಪ್ರಿಲ್ 9" ಎಂದು ಬರೆದರೂ ಸಾಲದು. ಹಬ್ಬದ ದಿನ ಬ್ಯಾಂಕಿಗೆ ರಜೆ. "ಯುಗಾದಿಗೆ" ಎಂದರೆ ಹಬ್ಬದ ಖರ್ಚಿಗೆ ಒದಗುವಂತೆ ಮುಂಚೆಯೋ, ಹಬ್ಬ ಕಳೆದ ಮೇಲೋ? ಇದನ್ನು ಸಾರಾಂಶಕಾರ ಊಹಿಸುವಂತಿಲ್ಲ. ಸಭೆ ಮುಗಿಯುವ ಮುನ್ನ ಕೇಳಬೇಕು. ಅಧ್ಯಕ್ಷರು "ಸೋಮವಾರ, ಏಪ್ರಿಲ್ 8ರೊಳಗೆ" ಎಂದರೆ ಠರಾವಿನಲ್ಲಿಯೇ ಹಾಗೆ ಬರೆಸಬೇಕು.

ಕೊನೆಗೆ "ಬೋನಸ್". ಉತ್ಪಾದಕರ ಕಂಪನಿಗಳಿಗೆ ಮೀಸಲಾದ ಅಧ್ಯಾಯವನ್ನು 2020ರ ತಿದ್ದುಪಡಿ ಈ ಕಾಯ್ದೆಗೆ ಸೇರಿಸಿತು. ಅದರ 378ಇ ಕಲಮಿನಲ್ಲಿ ಸದಸ್ಯನಿಗೆ ಕೊಡಬೇಕಾದ ಬೆಲೆಯಲ್ಲಿ ಆಮೇಲೆ ಕೊಡಲೆಂದು ತಡೆಹಿಡಿದ ಭಾಗ ಬೇರೆ, ವರ್ಷದ ಮಿಗತೆಯಿಂದ ಹಂಚುವ ಬೋನಸ್ ಬೇರೆ. ಮೊದಲನೆಯದನ್ನು ಮಂಡಳಿ ನಿರ್ಧರಿಸುತ್ತದೆ, ಎರಡನೆಯದನ್ನು ಸದಸ್ಯರು ಸಾಮಾನ್ಯ ಸಭೆಯಲ್ಲಿ ನಿರ್ಧರಿಸುತ್ತಾರೆ. ಐನೂರು ರೂಪಾಯಿ ರೈತನದೇ ಬೆಲೆ. ಅದನ್ನು ಬೋನಸ್ ಎಂದೊಡನೆ ಬಾಕಿಯು ಕೊಡುಗೆಯಾಗಿ ಕಾಣುತ್ತದೆ, ಮಂಡಳಿಯು ತನಗಿಲ್ಲದ ಅಧಿಕಾರ ಚಲಾಯಿಸಿದಂತೆಯೂ ಆಗುತ್ತದೆ. ಅಂಕಿ ಸರಿಯಿದ್ದು ಅದರ ಹೆಸರು ತಪ್ಪಿದರೆ ಅಂಕಿಯೂ ತಪ್ಪಿದಂತೆಯೇ.

ಪರಿಷ್ಕೃತ ಸಾರಾಂಶ ಹೀಗಿರಬಹುದು: "2024ರ ಜನವರಿ 20ರ ಮಂಡಳಿ ಸಭೆ: ಶೇಂಗಾಕ್ಕೆ ನಿಗದಿಯಾದ ಕ್ವಿಂಟಲಿಗೆ 6,300 ರೂ. ಬೆಲೆಯಲ್ಲಿ 5,800 ರೂ. ಈಗಾಗಲೇ ಪಾವತಿಯಾಗಿದೆ. ತಡೆಹಿಡಿದಿದ್ದ ಕ್ವಿಂಟಲಿಗೆ 500 ರೂ.ಗಳಂತೆ 810 ಕ್ವಿಂಟಲಿಗೆ ಒಟ್ಟು 4,05,000 (ನಾಲ್ಕು ಲಕ್ಷದ ಐದು ಸಾವಿರ) ರೂ.ಗಳನ್ನು 2024ರ ಏಪ್ರಿಲ್ 8ರೊಳಗೆ ಪಾವತಿಸಲಾಗುವುದು. ಉಳಿದ 30 ಕ್ವಿಂಟಲಿನ 15,000 ರೂ. ತೇವಾಂಶದ ಮರುಪರೀಕ್ಷೆಯವರೆಗೆ ಬಾಕಿ." ಕ್ವಿಂಟಲಿನ ದರವನ್ನು ಬಿಡದಿರುವುದಕ್ಕೆ ಕಾರಣವಿದೆ. 12 ಕ್ವಿಂಟಲ್ ಹಾಕಿದವನು ತನ್ನ ತೂಕದ ಚೀಟಿ ನೋಡಿ 6,000 ರೂಪಾಯಿ ಬರಬೇಕೆಂದು ತಾನೇ ಕಂಡುಕೊಳ್ಳುತ್ತಾನೆ. ಒಟ್ಟು ಮೊತ್ತವೊಂದನ್ನೇ ಕೊಟ್ಟಿದ್ದರೆ ಅವನಿಗೆ ಅದು ಸಾಧ್ಯವಾಗುತ್ತಿರಲಿಲ್ಲ.

ಕಾಯ್ದೆಯಂತೆ ನಡಾವಳಿ ಪುಸ್ತಕಕ್ಕೆ ಏರಲು ಸಭೆಯ ನಂತರ 30 ದಿನಗಳ ಅವಕಾಶವಿದೆ. ಅದಕ್ಕೆ ಮುಂಚೆ ಸಾರಾಂಶ ಕಳಿಸುವುದಾದರೆ ತಲೆಬರಹದಲ್ಲಿ "ಕರಡು" ಎಂದಿರಬೇಕು. ಸಹಿಯಾದ ನಡಾವಳಿಯಲ್ಲಿ ಬೇರೆ ಅಂಕಿ ಕಂಡರೆ ಸಾರಾಂಶಕಾರನು ಯಾವುದನ್ನೂ ತಾನಾಗಿ ತಿದ್ದದೆ ಎರಡನ್ನೂ ಮುಖ್ಯ ಕಾರ್ಯನಿರ್ವಾಹಕರ ಮುಂದಿಡಬೇಕು. ಹೊರಬಿದ್ದ ತಿದ್ದುಪಡಿಯಲ್ಲಿ ಹಳೆಯ ಅಂಕಿ, ಹೊಸ ಅಂಕಿ ಎರಡೂ ಇರಬೇಕು, ಎರಡು ಭಾಷೆಗಳಲ್ಲಿ ಹೊರಡಿಸಿದ್ದರೆ ಎರಡರಲ್ಲಿಯೂ ಅದೇ ದಿನ.