ನೆನಪಿನ ಕಡತದಲ್ಲಿ ಎರಡು ತಾರೀಖು

ಕೆಲವು ಚಾಟ್‌ಬಾಟ್‌ಗಳು ಈಗ ನಮ್ಮ ಮಾತನ್ನು ನೆನಪಿಟ್ಟುಕೊಳ್ಳುತ್ತವೆ. ಹಿನ್ನೆಲೆಯಲ್ಲಿ ಒಂದು ಪ್ರೋಗ್ರಾಂ ಮಾತುಕತೆಯನ್ನು ಓದಿ, ಉಳಿಸಿಕೊಳ್ಳಬೇಕಾದ ಸಂಗತಿಗಳನ್ನು ಪುಟ್ಟ ವಾಕ್ಯಗಳಾಗಿ ಬರೆದಿಡುತ್ತದೆ. ಬರೆಯುವ ಮುಂಚೆ ಅದೇ ವಿಷಯದ ಹಳೆಯ ವಾಕ್ಯವೇನಾದರೂ ಇದೆಯೇ ಎಂದು ಹುಡುಕಿ ಪಕ್ಕಕ್ಕಿಟ್ಟು ನೋಡುತ್ತದೆ. ತಕರಾರು ಹುಟ್ಟುವುದು ಅಲ್ಲೇ.

ಒಬ್ಬ ಮಹಿಳೆ ಮಾರ್ಚ್‌ನಲ್ಲಿ ‘ನಾನು ಸಸ್ಯಾಹಾರಿ’ ಎಂದಿದ್ದಾರೆ ಅಂದುಕೊಳ್ಳಿ. ಆಗಸ್ಟ್‌ನಲ್ಲಿ ಅವರೇ ಆರು ಜನಕ್ಕೆ ಕೋಳಿ ಸಾರು ಮಾಡುವುದು ಹೇಗೆಂದು ಕೇಳುತ್ತಾರೆ. ಪ್ರೋಗ್ರಾಂ ಅದರಿಂದ ‘ಇವರು ಕೋಳಿ ತಿನ್ನುತ್ತಾರೆ’ ಎಂದು ಊಹಿಸುತ್ತದೆ. ತಾರೀಖನ್ನಷ್ಟೇ ನೋಡಿದರೆ ಹೊಸದೇ ಗೆಲ್ಲಬೇಕು. ಮುಂದೊಮ್ಮೆ ಊಟಕ್ಕೆ ಜಾಗ ಕೇಳಿದಾಗ ಅವರಿಗೆ ಮಿಲಿಟರಿ ಹೋಟೆಲ್ ತೋರಿಸಲಾಗುತ್ತದೆ. ಸಾರು ಮಾಡಿದ್ದು ನೆಂಟರಿಗೆ ಇದ್ದೀತು ಎಂಬುದು ನಮಗೆ ಹೊಳೆಯುತ್ತದೆ, ತಾರೀಖಿಗೆ ಹೊಳೆಯುವುದಿಲ್ಲ.

ಆದ್ದರಿಂದ ಪ್ರತಿ ವಾಕ್ಯದ ಜೊತೆ ಅದನ್ನು ಎಷ್ಟು ನಂಬಬಹುದು ಎಂಬ ಅಂಕಿಯನ್ನೂ ಇಡುತ್ತಾರೆ:

```
ಸಸ್ಯಾಹಾರಿ       source: stated    confidence: 0.95
ಕೋಳಿ ತಿನ್ನುತ್ತಾರೆ   source: inferred  confidence: 0.40
```

ಈ ಅಂಕಿಯನ್ನು ಭಾಷಾ ಮಾದರಿಯನ್ನೇ ಕೇಳಿ ಪಡೆಯುವುದು ಸುಲಭ, ಆದರೆ ಅದು ಗಟ್ಟಿ ಸಂಗತಿಗೂ ಬರೀ ಊಹೆಗೂ ಒಂದೇ ಧಾಟಿಯಲ್ಲಿ ದೊಡ್ಡ ಅಂಕಿ ಕೊಟ್ಟುಬಿಡಬಹುದು. ಅವರೇ ಬಾಯಿಬಿಟ್ಟು ಹೇಳಿದ್ದಕ್ಕೆ ಇಷ್ಟು, ನಾವು ಊಹಿಸಿದ್ದಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡುವುದೇ ಮೇಲು. ಅಂಥ ಲೆಕ್ಕದಲ್ಲಿ ಕೋಳಿಯ ಊಹೆ ಹಳೆಯ ಮಾತನ್ನು ಅಳಿಸಲಾರದು. ಆದರೆ ಅಕ್ಟೋಬರ್‌ನಲ್ಲಿ ಅವರು ‘ಈಗೀಗ ಮೀನು, ಕೋಳಿ ತಿಂತೀನಿ’ ಎಂದರೆ ಎರಡೂ ನೇರ ಮಾತುಗಳೇ. ಆಗ ತೀರ್ಮಾನ ತಾರೀಖಿನದು.

ಯಾವ ತಾರೀಖು ಎಂಬುದರಲ್ಲಿ ಹೆಚ್ಚು ಜನ ಎಡವುತ್ತಾರೆ. ‘2022ರವರೆಗೆ ಧಾರವಾಡದಲ್ಲಿದ್ದೆ’ ಎಂದು ಅವರು ಇವತ್ತು ಹೇಳಿದರೆ, ಬರೆದ ದಿನ ಇವತ್ತು, ಸಂಗತಿ ಮಾತ್ರ ಹಳೆಯದು. ಬರೆದ ದಿನವನ್ನೇ ನಂಬಿದರೆ, ಬೆಂಗಳೂರಿಗೆ ಬಂದು ನೆಲೆಸಿದವರನ್ನು ಮತ್ತೆ ಧಾರವಾಡಕ್ಕೆ ಕಳಿಸಿದಂತಾಗುತ್ತದೆ. ಬಾಕಿ ಬಿದ್ದಿದ್ದ ಹಳೆಯ ಸಂಭಾಷಣೆಗಳನ್ನು ತಡವಾಗಿ ಓದಿಸಿದಾಗಲೂ ಇದೇ ಗತಿ. ಡೇಟಾಬೇಸ್‌ನವರು 1980ರ ದಶಕದಲ್ಲೇ ಸಂಗತಿ ನಿಜವಾಗಿದ್ದ ಕಾಲ, ಅದು ದಾಖಲಾದ ಕಾಲ ಎಂದು ಎರಡನ್ನು ಬೇರ್ಪಡಿಸಿದ್ದರು. ಇಂದಿನ ಗ್ರಾಫಿಟಿ ಎಂಬ ಮುಕ್ತ ತಂತ್ರಾಂಶವೂ ಅದೇ ದಾರಿ ಹಿಡಿದಿದೆ. ಅದು ಸೋತ ವಾಕ್ಯವನ್ನು ಅಳಿಸುವುದಿಲ್ಲ, `invalid_at` ಎಂಬ ಜಾಗದಲ್ಲಿ ಅದರ ಅವಧಿ ಮುಗಿದ ದಿನವನ್ನು ತುಂಬುತ್ತದೆ. ‘ಮೊದಲು ಎಲ್ಲಿದ್ದೆ’ ಎಂದು ಕೇಳಿದರೂ ಉತ್ತರ ಸಿಗುತ್ತದೆ, ತೀರ್ಮಾನ ತಪ್ಪಿದ್ದರೆ ಹಿಂದಕ್ಕೂ ಬರಬಹುದು.

ಕೆಟ್ಟಿದೆಯೇ ಎಂದು ತಿಳಿಯಲು ಒಬ್ಬರದೇ ಒಂದು ವಿಷಯದ ಇತಿಹಾಸ ತೆರೆದರೆ ಸಾಕು. ಊರು ವಾರಕ್ಕೊಮ್ಮೆ ಧಾರವಾಡ, ಬೆಂಗಳೂರು, ಮತ್ತೆ ಧಾರವಾಡ ಎಂದು ಬದಲಾಗುತ್ತಿದ್ದರೆ ಊಹೆ ನೇರಮಾತನ್ನು ತಳ್ಳುತ್ತಿರಬಹುದು, ಇಲ್ಲವೇ ತಾರೀಖು ಅದಲುಬದಲಾಗಿರಬಹುದು. ಅವರು ನಿಜಕ್ಕೂ ಎರಡೂ ಊರಲ್ಲಿ ಮನೆ ಇಟ್ಟುಕೊಂಡಿರುವುದೂ ಉಂಟು. ಅಂಥಲ್ಲಿ ಎರಡೂ ವಾಕ್ಯ ಉಳಿಯಬೇಕು.